ಸೋಮವಾರ ಬೆಳಗಿನ 05:20ರ ಬಸ್ಸು: ಡ್ಯೂಟಿ ಚಾರ್ಟ್ ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚುವುದು

ದೂರು ಮೂರು ಬಾಯಲ್ಲಿ ಬಂದಿತ್ತು. ಸೋಮವಾರ ಬೆಳಿಗ್ಗೆ 05:20ಕ್ಕೆ ಸೈನ್ ಆನ್ ಆಗಬೇಕಾದ ಚಾಲಕ ವಾರ ಬಿಟ್ಟು ವಾರ ಗೈರು, ಇಲ್ಲವೇ ತಡ. ಇದು ಡಿಪೋ ಮ್ಯಾನೇಜರ್ ಮಾತು. ವಾರದ ರಜೆಯನ್ನೇ ನುಂಗಿಬಿಟ್ಟಿದ್ದಾರೆ, ಹನ್ನೊಂದು ದಿನ ಒಂದೇ ಸಮನೆ ದುಡಿಸುತ್ತಿದ್ದಾರೆ. ಇದು ಸಂಘದ ಮಾತು. ರಾತ್ರಿ ಬಸ್ಸು ತಂದು ನಿಲ್ಲಿಸಿ ಹೋದವರಿಗೆ ಮಾರನೇ ದಿನ ನಿದ್ದೆ ಸಾಲುತ್ತಿಲ್ಲ ಎಂಬುದು ಕೆಲವು ಚಾಲಕರ ಮಾತು. ಭಾನುವಾರ ಮಧ್ಯರಾತ್ರಿಯೊಳಗೆ ಚಾರ್ಟ್ ಸರಿಯಾಗದಿದ್ದರೆ ಸೋಮವಾರದ ಮೊದಲ ಬಸ್ಸಿನಿಂದಲೇ ಮುಷ್ಕರ ಎಂದು ನೋಟಿಸ್ ಅಂಟಿಸಿಯೂ ಆಗಿತ್ತು. ಶೆಡ್ಯೂಲರ್ ಮೇಜಿಗೆ ಈ ಕಡತ ಬಂದದ್ದು ಗುರುವಾರ.

ಕಚೇರಿಯ ಬಳಿ ಉತ್ತರವೇನೋ ಸಿದ್ಧವಿತ್ತು. ಪ್ರತಿ ಸಾಲಿನಲ್ಲೂ ವಾರಕ್ಕೊಂದು ರಜೆ ಇದೆ, ಲೆಕ್ಕದ ಹಾಳೆಯ ವಿಶ್ರಾಂತಿ ಕಾಲಮ್ಮಿನಲ್ಲಿ ಒಂದು ಕೋಶವೂ ಕೆಂಪಾಗಿಲ್ಲ, ನೋಡಿಕೊಳ್ಳಿ ಅಂತ. ಅದೂ ಸುಳ್ಳಲ್ಲ. ಎರಡೂ ಕಡೆಯವರು ನಿಜ ಹೇಳುತ್ತಿದ್ದಾಗಲೂ ಜಗಳ ಮುಗಿಯುತ್ತಿಲ್ಲ ಎಂದರೆ, ನೋಡುವ ಹಾಳೆ ನೋಡಬೇಕಾದದ್ದನ್ನು ನೋಡುತ್ತಿಲ್ಲ ಎಂದೇ ಹಿಡಿಯಬೇಕು.

ಚಾರ್ಟ್ ಇದ್ದ ರೀತಿ

ಈ ಗುಂಪಿನಲ್ಲಿ ಒಂಬತ್ತು ಚಾಲಕರು, ಚಾರ್ಟ್‌ನಲ್ಲಿ ಒಂಬತ್ತು ಸಾಲು. ಒಂದು ಸಾಲು ಅಂದರೆ ಸೋಮವಾರದಿಂದ ಭಾನುವಾರದವರೆಗಿನ ಒಂದು ವಾರದ ಕೆಲಸ. ಈ ವಾರ 3ನೇ ಸಾಲಿನಲ್ಲಿದ್ದವರು ಮುಂದಿನ ವಾರ 4ಕ್ಕೆ ಇಳಿಯುತ್ತಾರೆ. 9 ಮುಗಿಸಿದವರು ಮತ್ತೆ 1ಕ್ಕೆ ಹೋಗುತ್ತಾರೆ.

ಹೊಸ ವೇಳಾಪಟ್ಟಿ ಬರುವ ಮೊದಲು ಸಾಲುಗಳು ಎಂಟೇ ಇದ್ದವು. 1ರಿಂದ 3 ಬೆಳಗಿನ ಶಿಫ್ಟ್, 05:20ರಿಂದ 13:20. 4 ಮತ್ತು 5 ಮಧ್ಯದ ಶಿಫ್ಟ್. 6ರಿಂದ 8 ರಾತ್ರಿ ಶಿಫ್ಟ್, 15:50ರಿಂದ 23:50. ವಾರದ ರಜೆ 1ನೇ ಸಾಲಿಗೆ ಭಾನುವಾರ, 2ಕ್ಕೆ ಸೋಮವಾರ, 3ಕ್ಕೆ ಮಂಗಳವಾರ, ಹೀಗೆ ಒಂದೊಂದೇ ದಿನ ಮುಂದೆ ಸರಿದು 8ಕ್ಕೆ ಮತ್ತೆ ಭಾನುವಾರ. ಇದನ್ನು ಕಟ್ಟಿದವರು ಕೆಲಸ ಬಲ್ಲವರು. ಬೆಳಗಿನಿಂದ ಮಧ್ಯಕ್ಕೆ, ಮಧ್ಯದಿಂದ ರಾತ್ರಿಗೆ ಮೆಲ್ಲಗೆ ಸರಿದು, 8ರ ಭಾನುವಾರ ರಜೆ ಪಡೆದು, ಸೋಮವಾರ ಬೆಳಗಿನ ಶಿಫ್ಟಿಗೆ ಮರಳುವ ಏರ್ಪಾಡು ಅದು. 1ರಿಂದ 2ಕ್ಕೆ ಹೋಗುವಾಗ ಭಾನುವಾರ, ಸೋಮವಾರ ಜೋಡಿ ರಜೆ ಬೇರೆ.

ಹೊಸ ವೇಳಾಪಟ್ಟಿ ಎರಡು ಬದಲಾವಣೆ ತಂದಿತು. ವಾರದ ದಿನಗಳಲ್ಲಿ ರಾತ್ರಿ ಒಂದು ಟ್ರಿಪ್ ಹೆಚ್ಚಾಗಿ, ರಾತ್ರಿ ಶಿಫ್ಟ್ ಮುಗಿಯುವುದು ಮಧ್ಯರಾತ್ರಿ ದಾಟಿ 00:40 ಆಯಿತು. ಜೊತೆಗೆ ಇನ್ನೊಂದು ರಾತ್ರಿ ಬಸ್ಸು ಬಂತು, ಅದಕ್ಕೆಂದು 9ನೇ ಸಾಲನ್ನು ಕೆಳಗೆ ಸೇರಿಸಿದರು. ಅದರ ರಜೆ ಮಂಗಳವಾರ.

ಡಿಪೋದ ಒಪ್ಪಂದದಲ್ಲಿ ಇಲ್ಲಿಗೆ ಬೇಕಾದ ನಿಯಮ ಎರಡೇ. ಒಂದು ಡ್ಯೂಟಿಗೂ ಮುಂದಿನದಕ್ಕೂ ನಡುವೆ ಕನಿಷ್ಠ 10 ಗಂಟೆ ವಿಶ್ರಾಂತಿ, ಮತ್ತು ರಜೆಯಿಲ್ಲದೆ ಸತತವಾಗಿ 7 ದಿನ ಮೀರಿ ಕೆಲಸವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1979ರ 153ನೇ ಒಡಂಬಡಿಕೆಯೂ ಚಾಲಕರಿಗೆ ದಿನಕ್ಕೆ ಸತತ 10 ಗಂಟೆ ವಿಶ್ರಾಂತಿಯನ್ನೇ ಹೇಳುತ್ತದೆ. ಸರಾಸರಿ ತೆಗೆಯಲು ಅವಕಾಶ ಕೊಟ್ಟರೂ ಯಾವ ಕಾರಣಕ್ಕೂ 8ಕ್ಕಿಂತ ಕೆಳಗೆ ಬಿಡುವುದಿಲ್ಲ.

ಮೊದಲು ಯಾವುದನ್ನು ಕೈಬಿಡಬಹುದು

ವೇಳಾಪಟ್ಟಿಯಿಂದ ಬಸ್ಸಿನ ಓಡಾಟ, ಓಡಾಟದಿಂದ ಡ್ಯೂಟಿ, ಡ್ಯೂಟಿಗಳನ್ನು ಪೋಣಿಸಿ ಸಾಲು. ದೋಷ ಈ ಮೆಟ್ಟಿಲುಗಳಲ್ಲಿ ಯಾವುದರ ಮೇಲಾದರೂ ಇರಬಹುದು, ಕಣ್ಣಿಗೆ ಬೀಳುವುದು ಮಾತ್ರ ಕೊನೆಯಲ್ಲಿ. ಪ್ರತಿ ಟ್ರಿಪ್ಪೂ ಒಂದೇ ಒಂದು ಡ್ಯೂಟಿಯಲ್ಲಿದೆಯೇ, ಒಂದು ಡ್ಯೂಟಿಯ ಒಳಗಿನ ಅವಧಿ ಮತ್ತು ಬಿಡುವು ಸರಿಯೇ ಎಂದು ಶೆಡ್ಯೂಲರ್ ಮೊದಲು ನೋಡಿದರು. ಸರಿಯಿತ್ತು. ಬಿಡಿ ಡ್ಯೂಟಿ ಆರೋಗ್ಯವಾಗಿದ್ದರೆ ಕಾಯಿಲೆ ಪೋಣಿಸಿದ ಕಡೆ ಇರಬೇಕು.

ಮುಂದೆ ದೂರುಗಳ ಪುಸ್ತಕ. ಅದರಲ್ಲಿ ಹೆಸರು ಮತ್ತು ತಾರೀಕು ಇತ್ತು. ಹೆಸರಿನ ಪ್ರಕಾರ ನೋಡಿದರೆ ಏನೂ ಕಾಣುವುದಿಲ್ಲ, ಒಂದೊಂದು ವಾರ ಒಬ್ಬೊಬ್ಬರು. ಅದಕ್ಕೇ ಮ್ಯಾನೇಜರ್‌ಗೆ ಇದು ಶಿಸ್ತಿನ ಪ್ರಶ್ನೆಯಾಗಿ ಕಂಡಿತ್ತು, ಇಬ್ಬರಿಗೆ ಮೆಮೊ ಕೂಡ ಹೋಗಿತ್ತು. ಆಕೆ ಪ್ರತಿ ದೂರಿನ ಪಕ್ಕ, ಆ ದಿನ ಆ ಚಾಲಕ ಯಾವ ಸಾಲಿನಲ್ಲಿದ್ದ ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋದರು. ಸೋಮವಾರದ ಗೈರುಗಳೆಲ್ಲ ಸಾಲು 1. ಹನ್ನೊಂದು ದಿನದ ದೂರೂ ಸಾಲು 1ರ ಶನಿವಾರವೇ ಬಂದದ್ದು. ನಿದ್ದೆಯ ದೂರುಗಳೆಲ್ಲ ಸಾಲು 5ರ ಶನಿವಾರ.

ಚಾರ್ಟ್‌ನ ದೋಷವನ್ನು ಮನುಷ್ಯರ ದೋಷದಿಂದ ಬೇರ್ಪಡಿಸುವ ಪರೀಕ್ಷೆ ಇದೇ. ದೂರು ವ್ಯಕ್ತಿಯ ಹಿಂದೆ ಸಾಲಿನಿಂದ ಸಾಲಿಗೆ ಹೋದರೆ ಆ ವ್ಯಕ್ತಿಯ ಜೊತೆ ಮಾತಾಡಿ. ವ್ಯಕ್ತಿ ಬದಲಾದರೂ ಅದೇ ಸಾಲು, ಅದೇ ವಾರದಲ್ಲಿ ಕೂತಿದ್ದರೆ ಹಾಳೆಯನ್ನು ಬಿಚ್ಚಿ. ಇದನ್ನು ಮೆಮೊ ಬರೆಯುವ ಮೊದಲೇ ಮಾಡಬೇಕಿತ್ತು ಎಂಬುದು ಬೇರೆ ಮಾತು.

ಸಾಲು 5ರ ಶನಿವಾರ: ಅತಿ ಒಳ್ಳೆಯ ಅಂಕಿ

ಸಾಲು 5 ಮಧ್ಯದ ಶಿಫ್ಟ್. ಆದರೆ ಶುಕ್ರವಾರ ಸಾಲು 6ಕ್ಕೆ ರಜೆ, ಆ ರಾತ್ರಿ ಡ್ಯೂಟಿಯನ್ನು ಸಾಲು 5ರವರೇ ಮಾಡುತ್ತಾರೆ. ಶನಿವಾರ ಮತ್ತೆ 10:05ಕ್ಕೆ ಮಧ್ಯದ ಶಿಫ್ಟ್. ಹಿಂದೆ 23:50ಕ್ಕೆ ಮುಗಿಯುತ್ತಿದ್ದಾಗ ನಡುವೆ 10 ಗಂಟೆ 15 ನಿಮಿಷ ಸಿಗುತ್ತಿತ್ತು. ಈಗ 00:40ರಿಂದ 10:05, ಅಂದರೆ 9 ಗಂಟೆ 25 ನಿಮಿಷ. ನಿಯಮ ಮುರಿದಿದೆ. ಹಾಳೆ ಏಕೆ ಕೂಗಲಿಲ್ಲ?

ಹಾಳೆಯಲ್ಲಿ ಆ ಜಾಗದಲ್ಲಿದ್ದ ಅಂಕಿ 33:25. ವಿಶ್ರಾಂತಿ ಲೆಕ್ಕದ ಸೂತ್ರ ಸರಳವಾಗಿತ್ತು: ನಾಳೆಯ ಆರಂಭಕ್ಕೆ ಒಂದು ದಿನ ಕೂಡಿಸಿ, ಇವತ್ತಿನ ಮುಕ್ತಾಯವನ್ನು ಕಳೆ. ಮುಕ್ತಾಯ ಮಧ್ಯರಾತ್ರಿಯೊಳಗೆ ಇರುವ ತನಕ ಇದು ಸರಿ. 00:40 ಎಂದು ಹೊಡೆದಾಗ ಹಾಳೆ ಅದನ್ನು ಶುಕ್ರವಾರ ನಸುಕಿನ 00:40 ಎಂದು ತಿಳಿಯಿತು, ಅಂದರೆ ಡ್ಯೂಟಿ ಶುರುವಾಗುವ ಮೊದಲೇ ಮುಗಿದಿತ್ತು! ಒಂದು ಇಡೀ ದಿನ ಪುಕ್ಕಟೆ ವಿಶ್ರಾಂತಿ ಸೇರಿಕೊಂಡಿತು. ಡ್ಯೂಟಿಯ ಅವಧಿ ಲೆಕ್ಕದ ಕಾಲಮ್ಮು ಮಾತ್ರ, ಇಡೀ ದಿನಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಕೊಡುವ `MOD` ಬಳಸುತ್ತಿದ್ದರಿಂದ 8:50 ಎಂದು ಸರಿಯಾಗಿಯೇ ತೋರಿಸುತ್ತಿತ್ತು. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಕೆಂಪು ಬಣ್ಣ ಬರುವುದು ಅಂಕಿ ಕಡಿಮೆಯಾದಾಗ. ಈ ದೋಷ ಅಂಕಿಯನ್ನು ಹೆಚ್ಚಿಸುತ್ತದೆ. ಹಾಗಾಗಿ ವಿಶ್ರಾಂತಿಯ ಕಾಲಮ್ಮನ್ನು ಕಡಿಮೆಯಿಂದಷ್ಟೇ ಅಲ್ಲ, ಹೆಚ್ಚಿನಿಂದಲೂ ವಿಂಗಡಿಸಿ ನೋಡಬೇಕು. ಮೇಲಿನ ಮಿತಿಯನ್ನು ಲೆಕ್ಕ ಹಾಕುವುದು ಸುಲಭ. ಈ ಗುಂಪಿನಲ್ಲಿ ಅತಿ ಬೇಗ ಮುಗಿಯುವ ಡ್ಯೂಟಿ 13:20ಕ್ಕೆ, ಅತಿ ತಡವಾಗಿ ಶುರುವಾಗುವುದು 15:50ಕ್ಕೆ. ನಡುವೆ ರಜೆಯಿಲ್ಲದಿದ್ದರೆ 26 ಗಂಟೆ 30 ನಿಮಿಷಕ್ಕಿಂತ ಹೆಚ್ಚು ವಿಶ್ರಾಂತಿ ಯಾರಿಗೂ ಸಿಗಲು ಸಾಧ್ಯವೇ ಇಲ್ಲ. 33:25 ಅಸಾಧ್ಯದ ಅಂಕಿ. ರಾತ್ರಿ ಸಾಲುಗಳಲ್ಲೆಲ್ಲ 39:10 ಎಂಬ ಇನ್ನೂ ದೊಡ್ಡ ಅಸಾಧ್ಯಗಳು ಕೂತಿದ್ದವು. ಅಲ್ಲಿ ನಿಜವಾದ ವಿಶ್ರಾಂತಿ 15:10 ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ ಅಷ್ಟೇ.

ಇಲ್ಲಿ ಕಣ್ಣಿಗೆ ಮೋಸ ಮಾಡುವ ಸಂಗತಿ ಒಂದಿದೆ. ಕೋಶದ ನಮೂನೆ `hh:mm` ಆಗಿದ್ದರೆ 24:40 ಎಂದು ಹೊಡೆದದ್ದೂ 00:40 ಎಂದೇ ಕಾಣುತ್ತದೆ. ಯಾವುದು ಯಾವುದು ಎಂದು ತಿಳಿಯಲು ನಮೂನೆಯನ್ನು `General`ಗೆ ಬದಲಿಸಿ. 0.0278 ಬಂದರೆ ನಸುಕಿನ 00:40, 1.0278 ಬಂದರೆ ದಿನ ದಾಟಿದ 24:40. ಬಸ್ ವೇಳಾಪಟ್ಟಿಗಳಲ್ಲಿ ಮಧ್ಯರಾತ್ರಿಯ ನಂತರವೂ ಅದೇ ದಿನದ ಲೆಕ್ಕದಲ್ಲಿ 24:40, 25:35 ಎಂದು ಬರೆಯುವ ಪದ್ಧತಿ ಸುಮ್ಮನೆ ಬಂದದ್ದಲ್ಲ. GTFS ಎಂಬ ದತ್ತಾಂಶ ನಮೂನೆಯಲ್ಲೂ ಹಾಗೇ ಬರೆಯುತ್ತಾರೆ. ಅದನ್ನು ಯಾರೋ ತಪ್ಪೆಂದು ತಿಳಿದು ಅಚ್ಚುಕಟ್ಟಾಗಿ ತಿದ್ದಿಬಿಡುವುದೇ ಎಷ್ಟೋ ಕಡೆ ಇಂಥ ದೋಷದ ಮೂಲ.

ವಿಶ್ರಾಂತಿಯ ಕಾಲಮ್ಮಿಗೂ `MOD` ಹಾಕಿದರೆ ಮುಗಿಯಿತಲ್ಲ ಎನಿಸಬಹುದು. ಮುಗಿಯುವುದಿಲ್ಲ. ಬೆಳಗಿನ ಶಿಫ್ಟ್‌ನಿಂದ ಮರುದಿನದ ರಾತ್ರಿ ಶಿಫ್ಟಿಗೆ ಹೋಗುವವರ 26:30 ಆಗ 2:30 ಎಂದು ಕಾಣುತ್ತದೆ. ಸುಳ್ಳು ಎಚ್ಚರಿಕೆಗಳು ಹೆಚ್ಚಿದರೆ ಜನ ಕೆಂಪನ್ನು ನೋಡುವುದನ್ನೇ ಬಿಡುತ್ತಾರೆ.

ಸಾಲು 1ರ ಸೋಮವಾರ: ಹಾಳೆಯಲ್ಲಿ ಇಲ್ಲದ ಅಂತರ

ಮಧ್ಯರಾತ್ರಿಯ ಸೂತ್ರ ಸರಿಪಡಿಸಿದರೂ ಸೋಮವಾರದ ದೂರಿಗೆ ಹಾಳೆಯಲ್ಲಿ ಕಾರಣ ಸಿಗಲಿಲ್ಲ. ಅದು ಬೇರೆಯೇ ದೋಷ. ಎರಡು ದೋಷ ಒಟ್ಟಿಗಿದ್ದಾಗ ಮೊದಲನೆಯದು ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಬಿಟ್ಟುಬಿಡುವುದು ಸುಲಭ. ಪೆನ್ಸಿಲಿನ ಪಟ್ಟಿ ಇಲ್ಲಿ ನೆರವಿಗೆ ಬಂತು: ಸಾಲು 5ರ ವಿವರಣೆ ಸಾಲು 1ಕ್ಕೆ ಹೊಂದುವುದಿಲ್ಲ ಎಂದು ಅದು ಹೇಳುತ್ತಲೇ ಇತ್ತು.

ಪ್ರತಿ ಸಾಲಿನಲ್ಲಿ ಏಳು ದಿನ, ಅವುಗಳ ನಡುವೆ ಆರು ಅಂತರ. ಹಾಳೆ ಆ ಆರನ್ನೂ ನೋಡುತ್ತಿತ್ತು. ಏಳನೆಯ ಅಂತರ, ಅಂದರೆ ಈ ಸಾಲಿನ ಭಾನುವಾರದಿಂದ ಮುಂದಿನ ಸಾಲಿನ ಸೋಮವಾರಕ್ಕೆ ಇರುವುದು, ಯಾವ ಕೋಶದಲ್ಲೂ ಇರಲಿಲ್ಲ. ಎಂಟು ಸಾಲಿನ ಹಳೆಯ ಚಾರ್ಟ್‌ನಲ್ಲಿ ಆ ಹೊಲಿಗೆಗಳೆಲ್ಲ ಕಟ್ಟಿದವರ ತಲೆಯಲ್ಲಿ ಸರಿಯಾಗಿದ್ದವು, ಹಾಳೆ ನೋಡದಿದ್ದರೂ ನಡೆಯುತ್ತಿತ್ತು. 9ನೇ ಸಾಲು ಕೆಳಗೆ ಬಂದು ಕೂತಾಗ 8ರಿಂದ 1ಕ್ಕೆ ಇದ್ದ ಹೊಲಿಗೆ ಬಿಚ್ಚಿ, 9ರಿಂದ 1ಕ್ಕೆ ಹೊಸದು ಬಿತ್ತು.

ಅದನ್ನು ನೋಡಲು ಚಾರ್ಟನ್ನು ಉದ್ದಕ್ಕೆ ಬಿಡಿಸಬೇಕು. ಒಬ್ಬ ಚಾಲಕ ಒಂಬತ್ತು ವಾರದಲ್ಲಿ ಮಾಡುವ ಕೆಲಸವನ್ನು ಒಂದೇ ಪಟ್ಟಿಯಾಗಿ, ದಿನ 1ರಿಂದ 63ರವರೆಗೆ ಬರೆಯಿರಿ. ರಜೆಯ ದಿನಗಳನ್ನು ಬರೆಯಬೇಡಿ, ದಿನದ ಸಂಖ್ಯೆ ಮಾತ್ರ ಜಿಗಿಯಲಿ. ಕೊನೆಯಲ್ಲಿ ಸಾಲು 1ರ ಇಡೀ ವಾರವನ್ನು ದಿನ 64ರಿಂದ ಮತ್ತೆ ಅಂಟಿಸಿ. ಅದಿಲ್ಲದಿದ್ದರೆ ಕೊನೆಯ ಹೊಲಿಗೆ ಮತ್ತೆ ತಪ್ಪಿಸಿಕೊಳ್ಳುತ್ತದೆ. `A`ಯಲ್ಲಿ ದಿನ, `B`ಯಲ್ಲಿ ಆರಂಭ, `C`ಯಲ್ಲಿ ಮುಕ್ತಾಯ ಇದ್ದರೆ:

```
F2: =A2+B2
G2: =A2+C2+(C2<B2)
H2: =(F3-G2)*24
I2: 1
I3: =IF(A3-A2=1,I2+1,1)
```

`F` ಮತ್ತು `G` ಆರಂಭ, ಮುಕ್ತಾಯಗಳನ್ನು ದಿನದ ಸಮೇತ ಹಿಡಿಯುತ್ತವೆ. ಮುಕ್ತಾಯ ಆರಂಭಕ್ಕಿಂತ ಚಿಕ್ಕದಾಗಿದ್ದರೆ `G` ಒಂದು ದಿನ ಕೂಡಿಸುತ್ತದೆ, 00:40 ಎಂದು ಬರೆದರೂ 24:40 ಎಂದು ಬರೆದರೂ ಉತ್ತರ ಒಂದೇ. `H` ವಿಶ್ರಾಂತಿಯ ಗಂಟೆ, `I` ಸತತ ಕೆಲಸದ ದಿನ. ಉಳಿದ ಸಾಲುಗಳಿಗೆ ಕೆಳಗೆ ಎಳೆದರೆ ಸಾಕು.

ಎಳೆದ ತಕ್ಷಣ ಮೂರು ಕಡೆ ಸಿಕ್ಕಿಬಿದ್ದವು. ಸಾಲು 5ರ ಶುಕ್ರವಾರದ ಎದುರು 9.42. ಸಾಲು 9ರ ಭಾನುವಾರದ ಎದುರು 5.83. ಎರಡನೇ ಸಲ ಅಂಟಿಸಿದ ಸಾಲು 1ರ ಶನಿವಾರದ ಎದುರು, `I` ಕಾಲಮ್ಮಿನಲ್ಲಿ 11.

ಭಾನುವಾರ ಆ ಹೆಚ್ಚುವರಿ ಟ್ರಿಪ್ ಇಲ್ಲ, ಡ್ಯೂಟಿ 23:30ಕ್ಕೆ ಮುಗಿಯುತ್ತದೆ. ಅಲ್ಲಿಂದ ಸೋಮವಾರ 05:20ಕ್ಕೆ 5 ಗಂಟೆ 50 ನಿಮಿಷ. ಮನೆಗೆ ಹೋಗಿ ಬರುವುದನ್ನು ಕಳೆದರೆ ಉಳಿಯುವುದೆಷ್ಟು? ವಾರಕ್ಕೊಬ್ಬರು ಈ ಹೊಲಿಗೆಯ ಮೇಲೆ ಬರುತ್ತಿದ್ದರು, ಎದ್ದು ಬರಲಾಗದವರು ಗೈರಾಗುತ್ತಿದ್ದರು. ಹನ್ನೊಂದು ದಿನದ ಲೆಕ್ಕವೂ ಇದೇ ಜಾಗದ್ದು: 9ರ ರಜೆ ಮಂಗಳವಾರ, ಬುಧದಿಂದ ಭಾನುವಾರದವರೆಗೆ ಐದು ದಿನ, 1ರ ರಜೆ ಭಾನುವಾರ, ಸೋಮದಿಂದ ಶನಿಯವರೆಗೆ ಆರು ದಿನ. ಎರಡೂ ವಾರದಲ್ಲಿ ರಜೆ ಇದೆ, ಆದರೂ ನಡುವೆ ಹನ್ನೊಂದು ದಿನ ಇಲ್ಲ. ಮ್ಯಾನೇಜರ್ ದೂರೂ ಸಂಘದ ದೂರೂ ಒಂದೇ ಹೊಲಿಗೆಯ ಎರಡು ತುದಿ.

ಹೊಸ ಸಾಲನ್ನು ಎಲ್ಲಿ ಕೂರಿಸುವುದು

ಶುಕ್ರವಾರ ಸಂಜೆ ಸಂಘದ ಕಾರ್ಯದರ್ಶಿ ಬಂದಾಗ ಆಕೆ ಪಟ್ಟಿಯನ್ನೇ ತೋರಿಸಿದರು.

"ಇದನ್ನೇ ಅಲ್ವಾ ಮೇಡಂ ನಾವು ಹೇಳ್ತಾ ಇದ್ದದ್ದು. ಹಂಗಾದ್ರೆ ಒಂಬತ್ತನೇ ಸಾಲು ತೆಗೆದುಬಿಡಿ."

"ತೆಗೆದರೆ ಆ ಬಸ್ಸಿಗೆ ದಿನಾ ಸ್ಪೇರ್ ಚಾಲಕನನ್ನು ಹುಡುಕಬೇಕು. ಅದೂ ನಿಮ್ಮವರ ರಜೆಯಿಂದಲೇ ಹೋಗುತ್ತೆ. ಸಾಲು ಇರಲಿ, ಜಾಗ ಬದಲಿಸೋಣ."

ಜಾಗ ಹುಡುಕಲು ಒಂದು ಚಿಕ್ಕ ಲೆಕ್ಕ ಸಾಕು. ಸೋಮವಾರ 1, ಭಾನುವಾರ 7 ಎಂದು ಎಣಿಸಿ. ಮುಂದಿನ ಸಾಲಿನ ರಜೆ ದಿನದ ಸಂಖ್ಯೆಯಿಂದ ಈ ಸಾಲಿನದನ್ನು ಕಳೆದು 6 ಕೂಡಿಸಿದರೆ, ಎರಡು ರಜೆಗಳ ನಡುವಿನ ಕೆಲಸದ ದಿನಗಳು ಬರುತ್ತವೆ. 9ರಿಂದ 1ಕ್ಕೆ: 7ರಲ್ಲಿ 2 ಕಳೆದರೆ 5, 6 ಕೂಡಿಸಿದರೆ 11. ಮಿತಿ 7 ಇರಬೇಕಾದರೆ ಮಂಗಳವಾರ ರಜೆಯ ಸಾಲಿನ ನಂತರ ಬರುವ ಸಾಲಿಗೆ ಬುಧವಾರದ ಒಳಗೆ ರಜೆ ಇರಬೇಕು. ಅಂಥವು ಮೂರೇ: 2, 3, 4. ಇವುಗಳಲ್ಲಿ 3ರ ಸೋಮವಾರ ಬೆಳಗಿನ ಶಿಫ್ಟ್, ಮತ್ತೆ ಅದೇ 5:50ರ ಗೋಳು. ಉಳಿದದ್ದು ಎರಡು ಜಾಗ.

2ಕ್ಕೆ ಮುಂಚೆ ಕೂರಿಸಿದರೆ ಸೋಮವಾರ ಹೇಗೂ ರಜೆ, ವಿಶ್ರಾಂತಿಗೆ ಏನೂ ಕೊರತೆಯಿಲ್ಲ. ಆದರೆ 1 ಮತ್ತು 2ರ ನಡುವಿನ ಜೋಡಿ ರಜೆ ಒಡೆದುಹೋಗುತ್ತದೆ. 4ಕ್ಕೆ ಮುಂಚೆ ಕೂರಿಸಿದರೆ ಜೋಡಿ ರಜೆ ಉಳಿಯುತ್ತದೆ, ಸತತ ಕೆಲಸ ಸರಿಯಾಗಿ 7 ದಿನ, ವಿಶ್ರಾಂತಿ 23:30ರಿಂದ 10:05ಕ್ಕೆ 10 ಗಂಟೆ 35 ನಿಮಿಷ. ಕಾಗದದ ಮೇಲೆ ಇದು ಪಾಸು. ಆದರೆ ಭಾನುವಾರ ರಾತ್ರಿ ಬಸ್ಸು 40 ನಿಮಿಷ ತಡವಾಗಿ ಬಂದರೆ ಫೇಲು.

ಎರಡನ್ನೂ ಆಕೆ ಚಾಲಕರ ಮುಂದಿಟ್ಟರು. ಇದನ್ನು ಕಚೇರಿಯಲ್ಲೇ ತೀರ್ಮಾನಿಸಿ ಕಳಿಸಿದ್ದರೆ ಯಾವ ಜಾಗ ಆರಿಸಿದ್ದರೂ ಇನ್ನೊಂದು ಜಗಳ ಹುಟ್ಟುತ್ತಿತ್ತು ಎಂದು ನನ್ನ ಅನಿಸಿಕೆ. ಜೋಡಿ ರಜೆ ಬಿಡಲು ಒಬ್ಬರೂ ತಯಾರಿರಲಿಲ್ಲ. ಹಾಗಾಗಿ 4ಕ್ಕೆ ಮುಂಚಿನ ಜಾಗ. ಆ 35 ನಿಮಿಷದ ತೆಳುವನ್ನು ದಪ್ಪ ಮಾಡುವ ಕೆಲಸ ಉಳಿಯಿತು.

ಮಧ್ಯದ ಶಿಫ್ಟಿನಲ್ಲಿ ಎರಡು ಡ್ಯೂಟಿಗಳಿವೆ. ಒಂದು 10:05ಕ್ಕೆ, ಇನ್ನೊಂದು 11:20ಕ್ಕೆ ಶುರು. 4 ಮತ್ತು 5ನೇ ಸಾಲಿನವರು ಇವನ್ನು ದಿನ ಬದಲಿಸಿ ಮಾಡುತ್ತಾರೆ. ಸೋಮವಾರ 4ಕ್ಕೆ 10:05, 5ಕ್ಕೆ 11:20 ಇತ್ತು. ಶನಿವಾರ ತದ್ವಿರುದ್ಧ. ಎರಡೂ ದಿನ ಅದಲುಬದಲು ಮಾಡಿದರೆ ಸೋಮವಾರದ ವಿಶ್ರಾಂತಿ 11 ಗಂಟೆ 50 ನಿಮಿಷಕ್ಕೆ ಏರಿತು. ಸಾಲು 5ರ ಶನಿವಾರವೂ ಅದರಿಂದಲೇ ಸರಿಹೋಯಿತು: 00:40ರಿಂದ 11:20, 10 ಗಂಟೆ 40 ನಿಮಿಷ. ಹೊಸ ಟ್ರಿಪ್ಪನ್ನು ಮುಟ್ಟಲಿಲ್ಲ, ಬಸ್ಸಿನ ಓಡಾಟವನ್ನು ಮುಟ್ಟಲಿಲ್ಲ, ಹೆಚ್ಚುವರಿ ಚಾಲಕ ಬೇಕಾಗಲಿಲ್ಲ.

ಹೊಸ ಕ್ರಮ 1, 2, 3, 9, 4, 5, 6, 7, 8, ಮತ್ತೆ 1. ಹೆಸರು ಬದಲಿಸುವ ಗೊಂದಲ ಬೇಡವೆಂದು ಸಾಲಿನ ಸಂಖ್ಯೆಗಳನ್ನು ಹಾಗೇ ಬಿಟ್ಟರು. ಬಿಡಿಸಿದ ಪಟ್ಟಿಯನ್ನು ಈ ಕ್ರಮದಲ್ಲಿ ಮತ್ತೆ ಕಟ್ಟಿ ಸೂತ್ರ ಎಳೆದಾಗ `H`ನಲ್ಲಿ 10ಕ್ಕಿಂತ ಕಡಿಮೆ ಯಾವುದೂ ಇರಲಿಲ್ಲ, `I`ನಲ್ಲಿ 7 ದಾಟಿದ್ದು ಇರಲಿಲ್ಲ.

ಬದಲಾಗುವ ವಾರ

ಚಾರ್ಟ್ ಸರಿಯಾದರೂ ಹಳೆಯದರಿಂದ ಹೊಸದಕ್ಕೆ ದಾಟುವ ವಾರದಲ್ಲಿ ಎಡವುವುದುಂಟು. ಇಲ್ಲಿ ಆ ಭಯ ಕಡಿಮೆ. ಎಲ್ಲರೂ ಈ ವಾರ ತಮ್ಮ ಸಾಲನ್ನೇ ಮುಗಿಸಿ, ಸೋಮವಾರ ಹೊಸ ಕ್ರಮದ ಮುಂದಿನ ಸಾಲಿಗೆ ಹೋಗುತ್ತಾರೆ. ಆ ಹೊಲಿಗೆಗಳನ್ನೆಲ್ಲ ಆಗಲೇ ನೋಡಿದ್ದಾಗಿದೆ. ಸಾಲುಗಳ ಒಳಗನ್ನೂ ಬದಲಿಸಿದ್ದರೆ ಮಾತು ಬೇರೆ, ಆಗ ದಾಟುವ ವಾರವನ್ನು ಒಬ್ಬೊಬ್ಬ ಚಾಲಕನಿಗೂ ಪ್ರತ್ಯೇಕವಾಗಿ ಬಿಡಿಸಬೇಕು. ಇಲ್ಲಿ ಒಳಗೆ ಬದಲಾದದ್ದು 4 ಮತ್ತು 5ರ ಸೋಮವಾರ, ಶನಿವಾರ ಮಾತ್ರ. ಆ ನಾಲ್ಕು ಡ್ಯೂಟಿಗಳ ಹಿಂದುಮುಂದನ್ನು ಆಕೆ ಕೈಯಲ್ಲೇ ನೋಡಿ ಮುಗಿಸಿದರು.

ಮೊದಲ ವಾರ ಮುಂದಿನ ಸಾಲು ಬದಲಾಗುವುದು ಮೂವರಿಗಷ್ಟೇ. 3ರಲ್ಲಿರುವವರು 4ಕ್ಕೆ ಬದಲು 9ಕ್ಕೆ, 8ರಲ್ಲಿರುವವರು 9ಕ್ಕೆ ಬದಲು 1ಕ್ಕೆ, 9ರಲ್ಲಿರುವವರು 1ಕ್ಕೆ ಬದಲು 4ಕ್ಕೆ. ನೋಟಿಸ್ ಬೋರ್ಡಿಗೆ ಹಾಕುವ ಮೊದಲು ಈ ಮೂವರಿಗೆ ಆಕೆ ಎದುರೆದುರೇ ಹೇಳಿದರು, ಏಕೆಂದರೆ ರಜೆಯ ದಿನ ನಂಬಿ ಕೆಲಸ ಇಟ್ಟುಕೊಂಡಿರುವವರು ಇವರೇ. 8ರಲ್ಲಿದ್ದ ಚಾಲಕ ಮುಂದಿನ ವಾರದ ಮಂಗಳವಾರಕ್ಕೆ ಏನೋ ಗೊತ್ತುಮಾಡಿಕೊಂಡಿದ್ದ. ಅವನಿಗೆ ಆ ಒಂದು ದಿನ ಸ್ಪೇರ್ ಕೊಟ್ಟರು.

ಶನಿವಾರ ರಾತ್ರಿ ಚಾರ್ಟ್ ಬೋರ್ಡಿಗೆ ಬಂತು. ಸಹಿ ಹಾಕುವ ಮುನ್ನ ಕಾರ್ಯದರ್ಶಿ ಎರಡು ಷರತ್ತು ಹಾಕಿದರು. ಸೋಮವಾರದ ಗೈರಿಗೆ ಕೊಟ್ಟ ಎರಡೂ ಮೆಮೊ ವಾಪಸಾಗಬೇಕು. ಸಾಲು 5ರ ಶುಕ್ರವಾರ ಮತ್ತು ಸಾಲು 9ರ ಭಾನುವಾರ ಬಸ್ಸು ನಿಜವಾಗಿ ಎಷ್ಟು ಗಂಟೆಗೆ ಒಳಗೆ ಬಂತು ಎಂಬುದನ್ನು ಗೇಟಿನ ಪುಸ್ತಕದಿಂದ ತೆಗೆದು, ವಾರವಾರ ಬೋರ್ಡಿನ ಮೇಲೆ ಬರೆಯಬೇಕು. ಮೊದಲನೆಯದಕ್ಕೆ ಮ್ಯಾನೇಜರ್ ಸ್ವಲ್ಪ ಹೊತ್ತು ತೆಗೆದುಕೊಂಡರು. ಎರಡನೆಯದನ್ನು ಶೆಡ್ಯೂಲರ್ ಆಗಲೇ ಪಟ್ಟಿಯಲ್ಲಿ ಹೊಸ ಕಾಲಮ್ಮಾಗಿ ಸೇರಿಸಿದ್ದರು. ಶುಕ್ರವಾರದ ಬಸ್ಸು 40 ನಿಮಿಷ ಮೀರಿ ತಡವಾದ ರಾತ್ರಿ, ಶನಿವಾರದ ಡ್ಯೂಟಿಯನ್ನು ಸ್ಪೇರ್ ಚಾಲಕನಿಗೆ ಕೊಡುವುದೆಂದು ಚಾರ್ಟ್‌ನ ಅಡಿಯಲ್ಲೇ ಬರೆದು ಇಬ್ಬರೂ ಸಹಿ ಮಾಡಿದರು.